13 ನಿಮಿಷಕ್ಕೆ 26 ಸ್ಲೈಡ್



ಸ್ವಲ್ಪ ಉದ್ದದ ಪೋಸ್ಟು. ಸೆಮಿನಾರು, ಕಾನ್ಫರೆನ್ಸು ಅಂತ ಮಾತಾಡೋಕೆ ಹೋಗುವ ನಮ್ಮ ಹುಡುಗ ಹುಡುಗಿಯರಿಗೆ ಇದು ಮೊದಲು ತಲುಪಲಿ. ಉಳಿದವರು ಬಿಡುವಾದಾಗ ಓದಿ.

ನಮ್ಮ ಸಂಘಟನೆಯ ಒಬ್ಬ ತಂಗಿ ಲಾ ಓದ್ತಿದ್ದಾಳೆ. ಒಂದು ವಿಶ್ವವಿದ್ಯಾಲಯದ ಸಮ್ಮೇಳನದಲ್ಲಿ ಪಿಟಿಸಿಎಲ್ ಕಾಯ್ದೆ ಬಗ್ಗೆ ಮಾತಾಡಲು ಅವಳಿಗೆ ಅವಕಾಶ ಸಿಕ್ಕಿತು. ಹತ್ತು ದಿನ ಮುಂಚೆ ಪಿಪಿಟಿ ಕಳಿಸಿ, "ಅಣ್ಣ, ಕಾನೂನಿನ ವಿಷಯದಲ್ಲಿ ಏನಾದ್ರೂ ತಪ್ಪಿದ್ರೆ ಹೇಳಿ" ಅಂದಳು. ಕಾನೂನು ಸರಿಯಾಗೇ ಇತ್ತು. ನನಗಿಂತ ಅವಳೇ ಚೆನ್ನಾಗಿ ಓದಿಕೊಂಡಿದ್ದಳು. ಆದರೆ 26 ಸ್ಲೈಡ್ ಇತ್ತು. ಅದನ್ನ ಹಾಗೇ ತಗೊಂಡು ಹೋಗಿದ್ದರೆ ಅವಳು ಹೇಳಬೇಕು ಅಂತಿದ್ದ ಮುಖ್ಯ ಮಾತು ಆ ಹಾಲಿನಲ್ಲಿ ಯಾರ ಕಿವಿಗೂ ಬೀಳುತ್ತಿರಲಿಲ್ಲ. ಯಾಕೆ ಅಂತ ಲೆಕ್ಕ ಹಾಕಿ ತೋರಿಸ್ತೀನಿ.

ಮೊದಲು ಸಮಯದ ಮಾತು. ಆಹ್ವಾನ ಪತ್ರಿಕೆಯಲ್ಲಿ 20 ನಿಮಿಷ ಅಂತ ಇತ್ತು. ಅದರಲ್ಲಿ ಪ್ರಶ್ನೋತ್ತರಕ್ಕೆ 5 ನಿಮಿಷ ಸೇರಿದೆ, ಅಂದರೆ ಉಳಿದದ್ದು 15. ಹಿಂದಿನವರ ಲ್ಯಾಪ್‌ಟಾಪ್ ತೆಗೆದು ನಿಮ್ಮದು ಹಾಕಿ, ಅಧ್ಯಕ್ಷತೆ ವಹಿಸಿದವರು ನಿಮ್ಮ ಪರಿಚಯ ಓದುವಷ್ಟರಲ್ಲಿ 2 ನಿಮಿಷ ಹೋಯ್ತು ಅಂತಲೇ ತಿಳ್ಕೊಳ್ಳಿ. ಕೈಗೆ ಸಿಗೋದು 13 ನಿಮಿಷ. ಇನ್ನೊಂದು ಸಂಗತಿ ಎಲ್ಲರಿಗೂ ಗೊತ್ತಿರೋದೇ: ಗೋಷ್ಠಿಯ ಪಟ್ಟಿಯಲ್ಲಿ ನಮ್ಮವರ ಹೆಸರು ಬಹಳ ಸಲ ಕೊನೆಯಲ್ಲಿ, ಊಟಕ್ಕೆ ಮುಂಚೆ ಇರುತ್ತೆ. ಮುಂದಿನ ಮೂರು ಜನ ತಿಂದ ಸಮಯವನ್ನು ಕೊನೆಯವರ ಲೆಕ್ಕದಿಂದಲೇ ಕಳೀತಾರೆ. ಹಾಗಾಗಿ 13 ನಿಮಿಷಕ್ಕೆ ತಯಾರಾಗಬೇಕು, 10 ನಿಮಿಷಕ್ಕೂ ತಯಾರಿರಬೇಕು.

"ಒಂದು ಸ್ಲೈಡಿಗೆ ಒಂದು ನಿಮಿಷ" ಅನ್ನೋ ಲೆಕ್ಕ ಎಲ್ಲರ ಬಾಯಲ್ಲೂ ಇದೆ. ಅದು ಅಂದಾಜಿಗೆ ಸರಿ, ಪರೀಕ್ಷೆಗೆ ಸಾಲದು. ಒಂದು ಫೋಟೋ ಸ್ಲೈಡ್ 10 ಸೆಕೆಂಡಿನಲ್ಲಿ ಮುಗಿಯುತ್ತೆ, ಒಂದು ತೀರ್ಪಿನ ಸ್ಲೈಡ್ 3 ನಿಮಿಷ ತಿನ್ನುತ್ತೆ. ಇಂಗ್ಲಿಷ್ ಪುಸ್ತಕಗಳಲ್ಲಿ ನಿಮಿಷಕ್ಕೆ 130, 140 ಪದ ಅಂತ ಬರೆದಿರ್ತಾರೆ. ಅದನ್ನು ಕನ್ನಡಕ್ಕೆ ಹಾಕಬೇಡಿ. ನಮ್ಮ ಪದಗಳು ಉದ್ದ. "ಮಂಜೂರಾತಿದಾರರ ವಾರಸುದಾರರಿಗೆ" ಅನ್ನೋದು ಎರಡೇ ಪದ, ಆದರೆ ಹೇಳಿ ನೋಡಿ, ಇಂಗ್ಲಿಷಿನ ಐದಾರು ಪದದಷ್ಟು ಹೊತ್ತು ಹಿಡಿಯುತ್ತೆ. ಅವಳ ಒಂದು ಪುಟದ ಬರಹವನ್ನು ಮೊಬೈಲ್ ಸ್ಟಾಪ್‌ವಾಚ್ ಇಟ್ಟುಕೊಂಡು ನಿಂತು ಓದಿಸಿದೆ. ಜನರಿಗೆ ಅರ್ಥ ಆಗುವ ವೇಗದಲ್ಲಿ ನಿಮಿಷಕ್ಕೆ ಸುಮಾರು 85 ಪದ ಬಂತು. ನಿಮ್ಮದು 75 ಇರಬಹುದು, 100 ಇರಬಹುದು. ನಿಮ್ಮ ಬಾಯಿ ಎಷ್ಟು ಅಂತ ಅಳೆದ ಮೇಲೇ ಲೆಕ್ಕ ಶುರು ಮಾಡಬೇಕು. ಮನಸ್ಸಿನಲ್ಲೇ ಓದಿಕೊಂಡು ಅಳೆದರೆ ಪ್ರಯೋಜನ ಇಲ್ಲ, ಕಣ್ಣು ಬಾಯಿಗಿಂತ ವೇಗವಾಗಿ ಓಡುತ್ತೆ.

ಆಮೇಲೆ ಪೂರ್ತಿ ಪಿಪಿಟಿ ಹಾಕಿ ಒಂದು ಸಲ ಮಾತಾಡು ಅಂದೆ. ಪವರ್‌ಪಾಯಿಂಟಿನಲ್ಲಿ `Slide Show` ಒಳಗೆ `Rehearse Timings` ಅಂತ ಇದೆ. ಅದನ್ನು ಒತ್ತಿ ಮಾತಾಡುತ್ತಾ ಹೋದರೆ ಯಾವ ಸ್ಲೈಡಿಗೆ ಎಷ್ಟು ಸೆಕೆಂಡ್ ಅಂತ ಅದೇ ಬರೆದುಕೊಳ್ಳುತ್ತೆ. (ಕೊನೆಯಲ್ಲಿ ಈ ಸಮಯ ಉಳಿಸಲೇ ಅಂತ ಕೇಳುತ್ತೆ. ಉಳಿಸಿದರೆ ವೇದಿಕೆ ಮೇಲೆ ಸ್ಲೈಡುಗಳು ತಾವೇ ಓಡೋಕೆ ಶುರು ಮಾಡ್ತವೆ. ಸಮಯವನ್ನು ಹಾಳೆ ಮೇಲೆ ಬರೆದುಕೊಂಡು, `Use Timings` ಅನ್ನೋ ಟಿಕ್ ತೆಗೆದುಬಿಡಿ.)

ಬಂದ ಲೆಕ್ಕ ಹೀಗಿತ್ತು. ಶೀರ್ಷಿಕೆ, ವಂದನೆ, ಬಾಬಾಸಾಹೇಬರ ಫೋಟೋ, ಪರಿವಿಡಿ, ಈ ನಾಲ್ಕಕ್ಕೆ ಒಂದೂವರೆ ನಿಮಿಷ. ಭೂಮಿಯ ಇತಿಹಾಸದ 6 ಸ್ಲೈಡಿಗೆ ಆರೂವರೆ ನಿಮಿಷ. ಕಾಯ್ದೆಯ ಕಲಂಗಳ 5 ಸ್ಲೈಡಿಗೆ 5 ನಿಮಿಷ 40 ಸೆಕೆಂಡ್. ಅಲ್ಲಿಗೆ 13 ನಿಮಿಷ 40 ಸೆಕೆಂಡ್ ಆಯ್ತು. 15ನೇ ಸ್ಲೈಡಿನಲ್ಲೇ ಸಮಯ ಮುಗಿದುಹೋಯ್ತು. ಇನ್ನೂ ತೀರ್ಪುಗಳು ಬರಬೇಕು, 2023ರ ತಿದ್ದುಪಡಿ ಬರಬೇಕು, ಅದಾದ ಮೇಲೆ 23ನೇ ಸ್ಲೈಡಿನಿಂದ ಅವಳ ಊರಿನ ಕೇಸು. ಪೂರ್ತಿ ಮುಗಿಯುವಾಗ 24 ನಿಮಿಷ 50 ಸೆಕೆಂಡ್.

ಇಲ್ಲಿ ನಿಮಗೆ ಆ ಕೇಸು ಹೇಳಬೇಕು. ಒಂದು ಕುಟುಂಬಕ್ಕೆ 1964ರಲ್ಲಿ ಸರ್ಕಾರದಿಂದ 2 ಎಕರೆ ಮಂಜೂರಾಯ್ತು. ಸಾಗುವಳಿ ಚೀಟಿಯಲ್ಲಿ 15 ವರ್ಷ ಪರಭಾರೆ ಮಾಡಬಾರದು ಅನ್ನೋ ಷರತ್ತಿದೆ. 1973ರಲ್ಲಿ ಮಗಳ ಮದುವೆ ಸಾಲಕ್ಕೆ ಆ ಜಮೀನು ಊರಿನ ದೊಡ್ಡವರ ಹೆಸರಿಗೆ ಕ್ರಯ ಆಯ್ತು. ಷರತ್ತಿನ 15 ವರ್ಷ ಮುಗಿಯೋದು 1979ಕ್ಕೆ. ಅಂದರೆ ಒಂಬತ್ತನೇ ವರ್ಷಕ್ಕೇ ಕ್ರಯ. ಮೊಮ್ಮಕ್ಕಳು ಎಸಿ ಕೋರ್ಟಿಗೆ ಅರ್ಜಿ ಹಾಕಿದರು, ಗೆದ್ದರು. ಎದುರಿನವರು ಡಿಸಿ ಹತ್ತಿರ ಮೇಲ್ಮನವಿ ಹೋದರು, ಅಲ್ಲೂ ಇವರೇ ಗೆದ್ದರು. ಮೇಲಿನ ಕೋರ್ಟಿನಲ್ಲಿ "ಅರ್ಜಿ ಹಾಕಿದ್ದೇ ತಡ" ಅಂತ ಬಿದ್ದುಹೋಯ್ತು. ಕ್ರಯ ಸರಿ ಇತ್ತು ಅಂತ ಯಾವ ಹಂತದಲ್ಲೂ ಯಾರೂ ಹೇಳಿಲ್ಲ. ಆ ಮೊಮ್ಮಕ್ಕಳಲ್ಲಿ ಒಬ್ಬಳು ನಮ್ಮ ತಂಗಿಯ ಅಮ್ಮ.

ಇದು 23ನೇ ಸ್ಲೈಡಿನಲ್ಲಿ ಕೂತಿತ್ತು. ಅಲ್ಲಿಗೆ ತಲುಪಬೇಕಾದರೆ 20 ನಿಮಿಷ 10 ಸೆಕೆಂಡ್ ಮಾತಾಡಬೇಕು. ಅಷ್ಟೊತ್ತಿಗೆ ಅಧ್ಯಕ್ಷರ ಚೀಟಿ ಎರಡು ಸಲ ಬಂದಿರುತ್ತೆ.

"ಸ್ವಲ್ಪ ಬೇಗ ಬೇಗ ಹೇಳ್ತೀನಿ ಅಣ್ಣ" ಅಂದಳು. ಎಲ್ಲರೂ ಅನ್ನೋದು ಇದನ್ನೇ. 25 ನಿಮಿಷದ್ದನ್ನ 13ಕ್ಕೆ ತರಬೇಕಾದರೆ ಹತ್ತಿರ ಹತ್ತಿರ ಎರಡು ಪಟ್ಟು ವೇಗ ಬೇಕು. ಯಾರ ಬಾಯಿಗೂ ಅದು ಆಗಲ್ಲ, ಕೇಳುವವರ ಕಿವಿಗೂ ಆಗಲ್ಲ. ಆಗ ನಡೆಯೋದು ಏನಂದರೆ, ಭಾಷಣಕಾರರು "ಇದು ನಿಮಗೆ ಗೊತ್ತೇ ಇದೆ, ಇದನ್ನ ಬಿಡ್ತೀನಿ, ಇದನ್ನೂ ಬಿಡ್ತೀನಿ" ಅಂತ ಸ್ಲೈಡು ಒತ್ತುತ್ತಾ ಹೋಗ್ತಾರೆ. ಆರು ಸ್ಲೈಡು ಹಾಗೆ ಹಾರಿಹೋದ ಮೇಲೆ ಕೂತವರು ನೋಡೋದನ್ನೇ ಬಿಡ್ತಾರೆ.

ಹಾಗಾದರೆ ಕಡಿಮೆ ಮಾಡಬೇಕು. ಎಲ್ಲಿ? ವಂದನೆಯಿಂದಲೇ ಶುರು ಮಾಡಿದೆವು. "ವೇದಿಕೆ ಮೇಲಿರುವ ಗಣ್ಯರೇ" ಅಂತ ಎಂಟು ಜನರ ಹೆಸರು, ಹುದ್ದೆ ಸಮೇತ ಓದೋದು ನಮ್ಮ ಊರ ಸಮಾರಂಭದ ಅಭ್ಯಾಸ. 13 ನಿಮಿಷದವರಿಗೆ ಅದು ದುಬಾರಿ. ಎಲ್ಲರಿಗೂ ಜೈ ಭೀಮ್ ಅಂದರೆ ಮುಗೀತು. ಪರಿವಿಡಿ ತೆಗೆದುಹಾಕಿದೆವು. 13 ನಿಮಿಷದ ಮಾತಿಗೆ ಪರಿವಿಡಿ ಯಾಕೆ? ಬಾಬಾಸಾಹೇಬರ ಫೋಟೋಗೆ ಮಾತ್ರ ಜಗಳ ಆಯ್ತು. ತೆಗೆಯಲ್ಲ ಅಂದಳು. ತೆಗೆಯಬೇಡ, ಶೀರ್ಷಿಕೆ ಸ್ಲೈಡಿನಲ್ಲೇ ಹಾಕು ಅಂದೆ. ಆ ಸ್ಲೈಡು ನಿನ್ನ ಪರಿಚಯ ಓದುವಷ್ಟು ಹೊತ್ತೂ ಪರದೆ ಮೇಲೆ ಇರುತ್ತೆ, ನಿನ್ನ ಸಮಯದಿಂದ ಒಂದು ಸೆಕೆಂಡೂ ಹೋಗಲ್ಲ.

ಇತಿಹಾಸದ ಆರು ಸ್ಲೈಡುಗಳ ವಿಷಯ ಅಷ್ಟು ಸುಲಭ ಇರಲಿಲ್ಲ. ಇನಾಮು, ಜೀತ, 1928ರಲ್ಲಿ ಬಾಬಾಸಾಹೇಬರು ಮುಂಬೈ ಶಾಸನ ಪರಿಷತ್ತಿನಲ್ಲಿ ಮಂಡಿಸಿದ ಮಹಾರ್ ವತನ್ ತಿದ್ದುಪಡಿ ಮಸೂದೆ, ದೇವರಾಜ ಅರಸು ಕಾಲದ ಭೂಸುಧಾರಣೆ, ಎಲ್ಲ ಇತ್ತು. "ಇಷ್ಟು ಹೇಳದೆ ಇದ್ರೆ ಈ ಹುಡುಗಿಗೆ ಓದಿಲ್ಲ ಅಂತಾರೆ ಅಣ್ಣ" ಅಂದಳು. ಈ ಮಾತಿಗೆ ನಾನು ಬಹಳ ಹೊತ್ತು ಸುಮ್ಮನಿದ್ದೆ. ನಮ್ಮ ಮಕ್ಕಳ ಸ್ಲೈಡು ಯಾಕೆ ಇಷ್ಟು ಭಾರ ಇರುತ್ತೆ ಅನ್ನೋದಕ್ಕೆ ಅರ್ಧ ಉತ್ತರ ಅದರಲ್ಲೇ ಇದೆ. ಬೇರೆಯವರು ನಾಲ್ಕು ಫೋಟೋ ಹಾಕಿಕೊಂಡು ಬಂದು ಅನಿಸಿದ್ದು ಹೇಳಿದರೆ ಅದು ವಿದ್ವತ್ತು. ನಮ್ಮವರು ಹೇಳಿದರೆ "ಸಾಕ್ಷಿ ಎಲ್ಲಿ? ಆಧಾರ ಎಲ್ಲಿ? ಇದು ಭಾವನಾತ್ಮಕ ಆಯ್ತು" ಅನ್ನೋ ಪ್ರಶ್ನೆ. ಆ ಪ್ರಶ್ನೆಗೆ ಹೆದರಿ ಇರೋ ಆಧಾರವನ್ನೆಲ್ಲ ಪರದೆ ಮೇಲೆ ಸುರೀತಾರೆ. ಪಠ್ಯ ತುಂಬಿದ ಸ್ಲೈಡು ಎಷ್ಟೋ ಸಲ ಸೋಮಾರಿತನದಿಂದ ಬರಲ್ಲ, ಭಯದಿಂದ ಬರುತ್ತೆ.

ಹಾಗಂತ ಆಧಾರವನ್ನ ಬಿಸಾಕೋದಲ್ಲ, ಬೇರೆ ಕಡೆ ಇಡೋದು. ಎರಡು ಕಡೆ ಇಟ್ಟೆವು. ಒಂದು, ಎರಡು ಪುಟದ ಕರಪತ್ರ, ಅದರಲ್ಲಿ ಕಲಂಗಳು, ತೀರ್ಪುಗಳ ಹೆಸರು, ವರ್ಷ ಎಲ್ಲ ಇದೆ. ಹಾಲಿನಲ್ಲಿ ಹಂಚೋಕೆ 40 ಪ್ರತಿ. ಇನ್ನೊಂದು, ಕೊನೆಯ ಸ್ಲೈಡಿನ ಹಿಂದೆ ಉಳಿಸಿದ ಮೀಸಲು ಸ್ಲೈಡುಗಳು. ಮಾತಿನಲ್ಲಿ ಅವು ಬರಲ್ಲ. ಯಾರಾದರೂ ಪ್ರಶ್ನೆ ಕೇಳಿದರೆ ಮಾತ್ರ ಹೊರಗೆ ಬರ್ತವೆ. ಪ್ರದರ್ಶನ ನಡೀತಿರುವಾಗ ಕೀಬೋರ್ಡಿನಲ್ಲಿ 12 ಅಂತ ಒತ್ತಿ `Enter` ಹೊಡೆದರೆ 12ನೇ ಸ್ಲೈಡು ನೇರ ಬರುತ್ತೆ. ಯಾವ ಪ್ರಶ್ನೆಗೆ ಯಾವ ನಂಬರು ಅಂತ ಒಂದು ಚೀಟಿಯಲ್ಲಿ ಬರೆದಿಟ್ಟುಕೊಂಡರೆ ಆಯ್ತು.

ಈಗ ಪಠ್ಯದ ಭಾರ. 12ನೇ ಸ್ಲೈಡಿನಲ್ಲಿ ಕಾಯ್ದೆಯ 4 ಮತ್ತು 5ನೇ ಕಲಂ ಪೂರ್ತಿ ಅಂಟಿಸಿದ್ದಳು. ಅಕ್ಷರದ ಅಳತೆ 16. ಇದು ಓದೋಕೆ ಆಗುತ್ತಾ ಇಲ್ಲವಾ ಅಂತ ವಾದ ಮಾಡೋ ಅಗತ್ಯವೇ ಇಲ್ಲ, ಮನೆಯಲ್ಲೇ ಪರೀಕ್ಷೆ ಮಾಡಬಹುದು. ಹಾಲಿನ ಪರದೆ 8 ಅಡಿ ಅಗಲ, ಕೊನೆಯ ಬೆಂಚು 48 ಅಡಿ ದೂರ ಅಂದುಕೊಳ್ಳಿ. ಪರದೆಯ ಅಗಲದ 6 ಪಟ್ಟು ದೂರ. ಲ್ಯಾಪ್‌ಟಾಪ್ ಪರದೆ ಸುಮಾರು 1 ಅಡಿ ಅಗಲ. ಅದನ್ನ ಮೇಜಿನ ಮೇಲಿಟ್ಟು 6 ಅಡಿ ದೂರ ನಿಂತು ಓದಿ. ಕೊನೆಯ ಬೆಂಚಿನವರಿಗೆ ಕಾಣೋದು ಅಷ್ಟೇ. ಅದೂ ಹಾಲಿನಲ್ಲಿ ಕಿಟಕಿಗೆ ಪರದೆ ಇಲ್ಲದೆ ಬಿಸಿಲು ಬಿದ್ದರೆ ಇನ್ನೂ ಕಡಿಮೆ. ಅವಳು ಆರು ಅಡಿ ದೂರ ನಿಂತು ತನ್ನದೇ ಸ್ಲೈಡನ್ನ ಓದೋಕೆ ಹೋಗಿ ನಕ್ಕುಬಿಟ್ಟಳು.

ಕನ್ನಡಕ್ಕೆ ಇನ್ನೊಂದು ತೊಡಕಿದೆ. ನಮ್ಮ ಅಕ್ಷರಕ್ಕೆ ಮೇಲೆ ಗುಣಿತದ ಚಿಹ್ನೆ, ಕೆಳಗೆ ಒತ್ತಕ್ಷರ. ಇಂಗ್ಲಿಷಿನಲ್ಲಿ 24 ಅಳತೆಯಲ್ಲಿ ಸಲೀಸಾಗಿ ಕಾಣುವ ಸಾಲು, ಕನ್ನಡದಲ್ಲಿ ಅದೇ 24ಕ್ಕೆ ಚಿಕ್ಕದಾಗಿ ಕಾಣುತ್ತೆ. ಸಾಲುಗಳ ನಡುವೆ ಜಾಗ ಬಿಡದಿದ್ದರೆ ಮೇಲಿನ ಸಾಲಿನ ಒತ್ತು ಕೆಳಗಿನ ಸಾಲಿನ ತಲೆಕಟ್ಟಿಗೆ ತಾಗುತ್ತೆ. 30ಕ್ಕಿಂತ ಕಡಿಮೆ ಹೋಗಬಾರದು ಅಂತ ನಾವು ತೀರ್ಮಾನ ಮಾಡಿದೆವು. 30ರ ಅಳತೆಯಲ್ಲಿ, ಜಾಗ ಬಿಟ್ಟು ಬರೆದರೆ ಒಂದು ಸ್ಲೈಡಿಗೆ ಐದಾರು ಸಾಲಿಗಿಂತ ಹೆಚ್ಚು ಹಿಡಿಯಲ್ಲ. ಹಾಗಾಗಿ ಎಷ್ಟು ಪದ ಇರಬೇಕು ಅನ್ನೋ ನಿಯಮ ಬೇರೆ ಬೇಕಾಗಲಿಲ್ಲ.

ಆದರೆ ಅಕ್ಷರ ದೊಡ್ಡದಾದರೆ ಸಾಲದು. ಜನರಿಗೆ ಒಂದೇ ಹೊತ್ತಿಗೆ ಪರದೆ ಮೇಲಿನ ಒಂದು ವಾಕ್ಯ ಓದಿ, ನಿಮ್ಮ ಬಾಯಿಂದ ಬರುವ ಇನ್ನೊಂದು ವಾಕ್ಯ ಕೇಳೋಕೆ ಆಗಲ್ಲ. ಅಲ್ಲಿರೋದನ್ನೇ ನೀವು ಓದಿದರೆ, ಅವರು ಮನಸ್ಸಿನಲ್ಲಿ ನಿಮಗಿಂತ ಮುಂಚೆ ಓದಿ ಮುಗಿಸಿ ಮೊಬೈಲ್ ತೆಗೀತಾರೆ. ಅದಕ್ಕೆ ನಾನು ಪ್ರತಿ ಸ್ಲೈಡಿಗೂ ಒಂದೇ ಪ್ರಶ್ನೆ ಕೇಳಿದೆ: ಇದನ್ನ ಪರದೆ ಮೇಲೆ ನೋಡಲೇಬೇಕಾ, ಅಥವಾ ನೀನು ಹೇಳಿದರೆ ಸಾಕಾ? 4ನೇ ಕಲಮಿನ ಭಾಷೆ ನೋಡಬೇಕಾಗಿಲ್ಲ. ಷರತ್ತು ಮುರಿದು ಮಾಡಿದ ಪರಭಾರೆ ಕಾಯ್ದೆ ಬರುವ ಮುಂಚೆ ಆಗಿದ್ದರೂ ಅನೂರ್ಜಿತ, ಕಾಯ್ದೆ ಬಂದ ಮೇಲೆ ಸರ್ಕಾರದ ಪೂರ್ವಾನುಮತಿ ಇಲ್ಲದೆ ಮಾಡಿದ್ದೂ ಅನೂರ್ಜಿತ. ಇದನ್ನ ಬಾಯಲ್ಲಿ ಹೇಳಬಹುದು. ಪರದೆ ಮೇಲೆ ಇಷ್ಟೇ ಉಳಿಸಿದೆವು: "ಷರತ್ತು ಮುರಿದ ಕ್ರಯ ಕ್ರಯವೇ ಅಲ್ಲ. ಕಲಂ 4." ಐದನೇ ಕಲಂಗೆ ಮೂರು ಪೆಟ್ಟಿಗೆ ಬರೆದು ಬಾಣ ಹಾಕಿದಳು. ಎಸಿಗೆ ಅರ್ಜಿ, ವಿಚಾರಣೆ, ಜಮೀನು ಮೂಲ ಮಂಜೂರಾತಿದಾರರಿಗೆ ಇಲ್ಲವೇ ವಾರಸುದಾರರಿಗೆ. ಡಿಸಿ ಮುಂದಿನ ಮೇಲ್ಮನವಿ 5ಎ, ಅದು ಬಾಯಲ್ಲಿ.

ನೋಡಲೇಬೇಕಾದದ್ದೂ ಇದೆ. ಸಾಗುವಳಿ ಚೀಟಿ! ಅದರ ಫೋಟೋವನ್ನು ಪೂರ್ತಿ ಪುಟ ಹಾಕಿದ್ದಳು, ಒಂದು ಅಕ್ಷರವೂ ಕಾಣುತ್ತಿರಲಿಲ್ಲ. ಷರತ್ತಿನ ಆ ಎರಡು ಸಾಲನ್ನ ಮಾತ್ರ ಕತ್ತರಿಸಿ ಪರದೆ ತುಂಬ ಹಾಕಿದೆವು. ಹಳೇ ಕಾಗದ, ಮಸಿ ಹರಡಿದ ಕೈಬರಹ, "ಪರಭಾರೆ" ಅನ್ನೋ ಪದ ಸ್ಪಷ್ಟ. ಅದರ ಕೆಳಗೆ ಮೂರೇ ವಿಷಯ: 1964 ಮಂಜೂರು, 15 ವರ್ಷ ಪರಭಾರೆ ಇಲ್ಲ, 1973 ಕ್ರಯ. ಕೂತವರು ತಾವೇ ಕಳೆದು ಲೆಕ್ಕ ಹಾಕ್ತಾರೆ, ನೀನು ಎರಡು ಸೆಕೆಂಡ್ ಸುಮ್ಮನಿರು ಅಂದೆ. ಹೆಸರು, ಸರ್ವೆ ನಂಬರು, ಊರು ಇರುವ ಭಾಗ ಹಾಕಲಿಲ್ಲ. ಸ್ಲೈಡಿನ ಫೋಟೋ ತೆಗೆದು ವಾಟ್ಸ್ಯಾಪಿಗೆ ಹಾಕುವವರು ಎಲ್ಲ ಹಾಲಿನಲ್ಲೂ ಇರ್ತಾರೆ. ಆ ಫೋಟೋ ಊರಿಗೆ ತಲುಪಿದರೆ ಆ ಮನೆಯವರು ಅನುಭವಿಸಬೇಕು.

ಒಂದು ಚಿಕ್ಕ ವಿಷಯ, ಆದರೆ ಇದರಿಂದ ಎಷ್ಟೋ ಜನರ ಮಾನ ಹೋಗಿದೆ. ಅರ್ಧ ಸ್ಲೈಡು ಹಳೇ ನುಡಿ ಫಾಂಟಿನಲ್ಲಿ ಟೈಪ್ ಮಾಡಿದ್ದಳು. ಅದು ಆ ಫಾಂಟು ಇಲ್ಲದ ಲ್ಯಾಪ್‌ಟಾಪಿನಲ್ಲಿ "ಕನ್ನಡ" ಅನ್ನೋದನ್ನ `PÀ£ÀßqÀ` ಅಂತ ತೋರಿಸುತ್ತೆ. ಎಲ್ಲವನ್ನೂ ಯೂನಿಕೋಡಿಗೆ ಬದಲಿಸಿ, ವಿಂಡೋಸ್ ಜೊತೆಗೇ ಬರುವ `Nirmala UI` ಹಾಕಿಸಿದೆ. ಪಿಡಿಎಫ್ ಪ್ರತಿಯೂ ಪೆನ್‌ಡ್ರೈವಿನಲ್ಲಿ ಇರಲಿ.

ಮುಂದಿನದು ನೋಟ್ಸು. ಸ್ಲೈಡಿನ ಕೆಳಗೆ ಮಾತಾಡುವವರಿಗೆ ಮಾತ್ರ ಕಾಣುವ ಟಿಪ್ಪಣಿ ಜಾಗ ಇದೆಯಲ್ಲ, ಅದು. ನನ್ನ ಅನುಭವದಲ್ಲಿ ಯಾರ ಪಿಪಿಟಿ ನೋಡಿದರೂ ಇದು ಮೂರು ತರ ಇರುತ್ತೆ. ಖಾಲಿ ಇರುತ್ತೆ. ಇಲ್ಲ ಸ್ಲೈಡಿನಲ್ಲಿರೋದೇ ಮತ್ತೆ ಇರುತ್ತೆ. ಇಲ್ಲ ಇಡೀ ಪ್ರಬಂಧ ಇರುತ್ತೆ. ತಂಗಿಯದರಲ್ಲಿ ಮೂರೂ ಇತ್ತು. ಕೇಸಿನ ಸ್ಲೈಡಿಗೆ "ಇಲ್ಲಿ ವಿವರಿಸುವುದು" ಅಂತ ಮಾತ್ರ ಬರೆದಿದ್ದಳು. ತನ್ನ ಅಮ್ಮನ ಕೇಸು, ನೆನಪಿರುತ್ತೆ ಅನ್ನೋ ಧೈರ್ಯ. ನೆನಪಿರುತ್ತೆ, ನಿಜ. ಆದರೆ ವೇದಿಕೆ ಮೇಲೆ ನಿಂತಾಗ ಎದೆ ಹೊಡ್ಕೊಳ್ಳೋದೂ ಆ ಸ್ಲೈಡಿನಲ್ಲೇ. ಮನಸ್ಸಿಗೆ ತೀರ ಹತ್ತಿರದ ವಿಷಯಕ್ಕೆ ನೋಟ್ಸು ಹೆಚ್ಚು ಬೇಕು, ಕಡಿಮೆ ಅಲ್ಲ.

ಪ್ರಬಂಧ ಬರೆದರೆ ಏನು ಕಷ್ಟ? ಮೈಕಿನ ಹಿಂದೆ ನಿಂತು 200 ಪದದ ಮಧ್ಯೆ ನಿಮ್ಮ ಸಾಲು ಹುಡುಕೋಕೆ ಆಗಲ್ಲ. ಒಂದು ಸಲ ತಲೆ ಎತ್ತಿ ಜನರನ್ನ ನೋಡಿದರೆ ಮತ್ತೆ ಆ ಸಾಲು ಸಿಗಲ್ಲ. ಅದಕ್ಕೆ ಹೆದರಿ ತಲೆ ತಗ್ಗಿಸಿ ಓದ್ತಾ ಹೋಗ್ತಾರೆ.

ನಾವು ಬರೆದ ನೋಟ್ಸಿನ ಒಂದು ಮಾದರಿ ಕೊಡ್ತೀನಿ. ಇದು ಎರಡನೇ ಸ್ಲೈಡಿನದು, ಸಾಗುವಳಿ ಚೀಟಿಯದು:

"ಮೊದಲ ವಾಕ್ಯ: ಈ ಎರಡು ಸಾಲನ್ನ ನೀವೇ ಓದಿ, ನಾನು ಕಾಯ್ತೀನಿ. (ಸುಮ್ಮನಿರು.) 1964, 1973, ಒಂಬತ್ತು ವರ್ಷ. ಮದುವೆ ಸಾಲ. ಕ್ರಯದ ಮೊತ್ತ ಹೇಳಬೇಡ. ಮುಂದಕ್ಕೆ ದಾಟುವ ವಾಕ್ಯ: ಎಸಿ ಒಪ್ಪಿದರು, ಡಿಸಿ ಒಪ್ಪಿದರು, ಆಮೇಲೆ ಏನಾಯ್ತು ನೋಡಿ. ಗಡಿಯಾರ: 2:20."

ಇಷ್ಟೇ. ಮೊದಲ ವಾಕ್ಯ ಪೂರ್ತಿ ಬರೆದಿರಬೇಕು, ಯಾಕಂದರೆ ಸ್ಲೈಡು ಬದಲಾದಾಗ ಬಾಯಿ ತಡವರಿಸೋದು ಅಲ್ಲೇ. ದಾಟುವ ವಾಕ್ಯ ಪೂರ್ತಿ ಬರೆದಿರಬೇಕು, ಇಲ್ಲದಿದ್ದರೆ "ಹಾಂ, ಮುಂದಿನದು" ಅಂತಾನೇ ಬರುತ್ತೆ. ನಡುವೆ ತಪ್ಪಬಾರದ ಅಂಕಿ ಮಾತ್ರ. ಕ್ರಯದ ಮೊತ್ತ ಹೇಳಬೇಡ ಅಂದಿದ್ದು ಯಾಕೆ ಅಂದರೆ, ಹೇಳಿದ ಕೂಡಲೇ ಯಾರೋ ಒಬ್ಬರು "ಆ ಕಾಲಕ್ಕೆ ಅದು ಒಳ್ಳೇ ಬೆಲೆನೇ" ಅಂತ ಶುರು ಮಾಡ್ತಾರೆ. ಕಾಯ್ದೆಗೆ ಬೆಲೆ ಮುಖ್ಯ ಅಲ್ಲ, ಷರತ್ತು ಮುಖ್ಯ. ಯಾವುದನ್ನ ಹೇಳಬಾರದು ಅನ್ನೋದೂ ನೋಟ್ಸಿನಲ್ಲಿ ಇರಬೇಕಾದ ವಿಷಯವೇ.

ಕೊನೆಯಲ್ಲಿರೋ ಗಡಿಯಾರದ ಅಂಕಿ ಎಲ್ಲಕ್ಕಿಂತ ಉಪಯೋಗ. ಆ ಸ್ಲೈಡು ಮುಗಿಯುವಾಗ ಒಟ್ಟು ಎಷ್ಟು ನಿಮಿಷ ಆಗಿರಬೇಕು ಅನ್ನೋದು ಅದು, ಆ ಸ್ಲೈಡಿಗೆ ಎಷ್ಟು ಅನ್ನೋದಲ್ಲ. ವೇದಿಕೆ ಮೇಲೆ ಕೂಡಿಸಿ ಕಳೆಯೋಕೆ ಯಾರಿಗೂ ಆಗಲ್ಲ. ನೋಟ್ಸಿನಲ್ಲಿ 4:00 ಅಂತಿದ್ದು ಮೊಬೈಲಿನಲ್ಲಿ 5:10 ತೋರಿಸಿದರೆ, 70 ಸೆಕೆಂಡ್ ಹಿಂದಿದ್ದೀನಿ ಅಂತ ಆ ಕ್ಷಣಕ್ಕೇ ಗೊತ್ತಾಗುತ್ತೆ.

ಹೊಸ ಪಿಪಿಟಿ 9 ಸ್ಲೈಡು. ಕೇಸು ಮೊದಲು, 4ನೇ ನಿಮಿಷಕ್ಕೆ ಮುಗಿಯುತ್ತೆ. ಇತಿಹಾಸ ಒಂದೇ ಸ್ಲೈಡು, 5:30ಕ್ಕೆ. ಕಲಂ 4, ಕಲಂ 5, ಅಲ್ಲಿಗೆ 8 ನಿಮಿಷ. ತೀರ್ಪುಗಳಿಗೆ ಎರಡು ನಿಮಿಷ: 1984ರ ಮಂಚೇಗೌಡ ಪ್ರಕರಣದಲ್ಲಿ ಸುಪ್ರೀಂ ಕೋರ್ಟು ಈ ಕಾಯ್ದೆಯನ್ನ ಎತ್ತಿಹಿಡಿದದ್ದು, 2017ರ ನೆಕ್ಕಂಟಿ ರಾಮಲಕ್ಷ್ಮಿ ಪ್ರಕರಣದಲ್ಲಿ ಅರ್ಜಿ ನ್ಯಾಯಯುತ ಅವಧಿಯೊಳಗೆ ಬರಬೇಕು ಅಂದದ್ದು. 2023ರ ತಿದ್ದುಪಡಿ 11:15ಕ್ಕೆ. ಬೇಡಿಕೆಗಳು 12:00ಕ್ಕೆ. ಒಂದು ನಿಮಿಷ ಕೈಯಲ್ಲಿ. ಇತಿಹಾಸ ಮತ್ತು ಕಲಂ 5ರ ನೋಟ್ಸಿನ ತಲೆ ಮೇಲೆ "ಬಿಡಬಹುದು" ಅಂತ ದಪ್ಪ ಅಕ್ಷರದಲ್ಲಿ ಬರೆಸಿದೆ. ಆ ಎರಡನ್ನ ಬಿಟ್ಟರೆ 2 ನಿಮಿಷ 40 ಸೆಕೆಂಡ್ ಉಳಿಯುತ್ತೆ, ಮಾತು 9:20ಕ್ಕೆ ಮುಗಿಯುತ್ತೆ. 10 ನಿಮಿಷದ ತಯಾರಿ ಅಂದದ್ದು ಇದೇ. ಏನು ಬಿಡಬೇಕು ಅಂತ ಮನೆಯಲ್ಲೇ ನಾವು ತೀರ್ಮಾನ ಮಾಡದಿದ್ದರೆ, ಚೀಟಿ ಕಳಿಸುವವರು ತೀರ್ಮಾನ ಮಾಡ್ತಾರೆ. ಅವರ ತೀರ್ಮಾನದಲ್ಲಿ ಯಾವಾಗಲೂ ಹೋಗೋದು ಕೊನೆಯಲ್ಲಿರೋದು.

ನೋಟ್ಸು ಕೈಕೊಡುವ ಜಾಗಗಳನ್ನೂ ಹೇಳಿಬಿಡ್ತೀನಿ. `Presenter View` ಇದ್ದರೆ ನಿಮ್ಮ ಪರದೆ ಮೇಲೆ ನೋಟ್ಸು, ಹಾಲಿನ ಪರದೆ ಮೇಲೆ ಸ್ಲೈಡು ಮಾತ್ರ. ಅದಕ್ಕೆ `Windows + P` ಒತ್ತಿ `Extend` ಆಯ್ಕೆ ಆಗಿರಬೇಕು. `Duplicate` ಆಗಿದ್ದರೆ ಎರಡು ಕಡೆ ಒಂದೇ ಚಿತ್ರ, ನೋಟ್ಸು ಕಾಣಲ್ಲ. ಕೆಲವು ಕಡೆ ಸಂಘಟಕರ ಲ್ಯಾಪ್‌ಟಾಪೇ ಬಳಸಬೇಕು, ಅದು ಮೂಲೆಯಲ್ಲಿರುತ್ತೆ, ನೀವು ಪೋಡಿಯಂನಲ್ಲಿರ್ತೀರಿ. ಹಾಗಾಗಿ 9 ಸ್ಲೈಡಿನ ನೋಟ್ಸನ್ನು ದೊಡ್ಡ ಅಕ್ಷರದಲ್ಲಿ ಒಂದು ಹಾಳೆಗೆ ಪ್ರಿಂಟ್ ಹಾಕಿ ಕೈಯಲ್ಲಿಟ್ಟುಕೊಳ್ಳಿ.

ಇನ್ನೊಂದು ಅಪಾಯ ಇದಕ್ಕಿಂತ ದೊಡ್ಡದು. ಪರದೆಗಳು ಅದಲು ಬದಲಾದರೆ ನಿಮ್ಮ ನೋಟ್ಸು ಇಡೀ ಹಾಲಿಗೆ ಕಾಣುತ್ತೆ. ಪಿಪಿಟಿಯನ್ನು ಸಂಘಟಕರು ಪೆನ್‌ಡ್ರೈವಿನಲ್ಲಿ ತಗೊಂಡು ಎಲ್ಲರಿಗೂ ಹಂಚಿದರೆ ನೋಟ್ಸೂ ಜೊತೆಗೇ ಹೋಗುತ್ತೆ. ತಂಗಿಯ ಹಳೇ ಫೈಲಿನಲ್ಲಿ ಅರ್ಜಿದಾರರ ಹೆಸರು, ಫೋನ್ ನಂಬರು, ವಕೀಲರು ಹೇಳಿದ ಮುಂದಿನ ದಾರಿ, ಎಲ್ಲ ನೋಟ್ಸಿನಲ್ಲೇ ಇತ್ತು. ಎದುರು ಪಾರ್ಟಿ ಕೈಗೆ ನಾವೇ ಕಾಗದ ಕೊಟ್ಟ ಹಾಗೆ. ಕೊಡುವ ಪ್ರತಿಯಿಂದ ನೋಟ್ಸು ತೆಗೆಯೋಕೆ `File`, `Info`, `Check for Issues`, `Inspect Document`. ಅದರಲ್ಲಿ ನೋಟ್ಸು ಇದೆ ಅಂತ ತೋರಿಸಿದಾಗ `Remove All`. ನಿಮ್ಮ ಪ್ರತಿಯನ್ನ ಬೇರೆ ಹೆಸರಿನಲ್ಲಿ ಉಳಿಸಿಕೊಂಡೇ ಮಾಡಿ, ಇಲ್ಲದಿದ್ದರೆ ನಿಮ್ಮದೂ ಹೋಗುತ್ತೆ.

ಸಮ್ಮೇಳನದ ದಿನ ನಾನೂ ಹೋಗಿದ್ದೆ. ನಾಲ್ಕು ಜನರ ಗೋಷ್ಠಿಯಲ್ಲಿ ಇವಳದು ನಾಲ್ಕನೇ ಸರದಿ. ಮೂರನೆಯವರು 31 ನಿಮಿಷ ಮಾತಾಡಿದರು. ಅಧ್ಯಕ್ಷರು ಇವಳ ಕಡೆ ತಿರುಗಿ, "ನೋಡಮ್ಮ, ಹತ್ತು ನಿಮಿಷದಲ್ಲಿ ಮುಗಿಸಿಬಿಡು" ಅಂದರು. ಅವಳು ಹಾಳೆ ಮೇಲಿನ ಎರಡು "ಬಿಡಬಹುದು" ಮೇಲೆ ಪೆನ್ನಿನಿಂದ ಗೀಟು ಹಾಕಿದ್ದು ನನಗೆ ಕಂಡಿತು. ಕೇಸಿನಿಂದ ಶುರು ಮಾಡಿ 9 ನಿಮಿಷ 40 ಸೆಕೆಂಡಿಗೆ ಬೇಡಿಕೆ ಓದಿ ಕೂತಳು. "ನೀವೇ ಓದಿ, ಕಾಯ್ತೀನಿ" ಅಂದಾಗ ಹಿಂದಿನ ಬೆಂಚಿನ ಒಬ್ಬರು ಕನ್ನಡಕ ಹಾಕಿಕೊಂಡು ಗಟ್ಟಿಯಾಗೇ ಓದಿದರು.

ಪ್ರಶ್ನೆ ಒಂದೇ ಬಂತು, ನಾವು ಕಾದಿದ್ದದ್ದೇ. "2023ರಲ್ಲಿ ಕಾಲಮಿತಿ ಇಲ್ಲ ಅಂತ ತಿದ್ದುಪಡಿ ಬಂದಾಯ್ತಲ್ಲ, ಈಗೇನು ಸಮಸ್ಯೆ?" ಅಂತ ಒಬ್ಬ ಪ್ರಾಧ್ಯಾಪಕರು ಕೇಳಿದರು. ಅವಳು 12 ಒತ್ತಿ `Enter` ಹೊಡೆದಳು. ಪರದೆ ಮೇಲೆ ಎರಡು ಸಾಲು: "ಕಾಲಮಿತಿ ಬೇರೆ. ವಿಳಂಬ ಬೇರೆ." ಕಾನೂನಿನಲ್ಲಿ ಇಷ್ಟು ವರ್ಷದೊಳಗೆ ಅಂತ ಬರೆದಿರೋದು ಕಾಲಮಿತಿ, ಅದನ್ನ ತಿದ್ದುಪಡಿ ತೆಗೆಯುತ್ತೆ. ಇಷ್ಟು ದಿನ ಯಾಕೆ ಸುಮ್ಮನಿದ್ದಿರಿ ಅಂತ ಕೋರ್ಟು ಕೇಳೋದು ವಿಳಂಬ, ತಿದ್ದುಪಡಿ ಬಂದ ಮೇಲೂ ಆ ವಾದ ಕೋರ್ಟುಗಳಲ್ಲಿ ನಡೀತಾನೇ ಇದೆ ಅಂತ ವಿವರಿಸಿದಳು. ಕರಪತ್ರದ 40 ಪ್ರತಿಯೂ ಹೋಯ್ತು.

ಮುಂದಿನ ತಿಂಗಳು ಇದೇ ವಿಷಯ ಅವಳ ಹೋಬಳಿಯಲ್ಲಿ, ಸಮುದಾಯ ಭವನದಲ್ಲಿ ಹೇಳಬೇಕು. ಅಲ್ಲಿ ಪ್ರೊಜೆಕ್ಟರ್ ಇಲ್ಲ, ಕರೆಂಟಿನ ಭರವಸೆ ಇಲ್ಲ, ಬರುವವರಲ್ಲಿ ಓದು ಬರದ ಹಿರಿಯರು ಬಹಳ ಜನ. ಸಾಗುವಳಿ ಚೀಟಿಯ ಆ ಎರಡು ಸಾಲನ್ನ ಎ3 ಹಾಳೆಗೆ ಪ್ರಿಂಟ್ ಹಾಕಿಸಿದ್ದೀವಿ, ಗಟ್ಟಿಯಾಗಿ ಓದಿ ಹೇಳ್ತಾಳೆ. ತಮ್ಮ ಮನೆಯ ಚೀಟಿ, ಪಹಣಿ ತಂದವರದನ್ನ ಅಲ್ಲೇ ನೋಡ್ತೀವಿ. ಯಾರಿಗಾದರೂ ಕರಪತ್ರ ಬೇಕಿದ್ದರೆ, ಅಥವಾ ಎಲ್ಲಾದರೂ ಮಾತಾಡೋಕೆ ಹೋಗುವ ಮುಂಚೆ ಪಿಪಿಟಿ ಒಂದ್ಸಲ ನೋಡಿಸಬೇಕಿದ್ದರೆ ಇನ್‌ಬಾಕ್ಸಿಗೆ ಬನ್ನಿ. ಬರುವಾಗ ಸ್ಟಾಪ್‌ವಾಚ್ ಇಟ್ಟು ಒಂದು ಸಲ ಗಟ್ಟಿಯಾಗಿ ಮಾತಾಡಿ, ಎಷ್ಟು ನಿಮಿಷ ಬಂತು ಅಂತ ಬರೆದುಕೊಂಡೇ ಬನ್ನಿ.

ಜೈ ಭೀಮ್.